ಅವನು ಒಳ್ಳೆಯವನೇ ಇರಬಹುದು, ಆದರೂ…

ಗೆಳತಿಯರೇ, ಮಾದನಹಿಪ್ಪರಗಾದ ಒಬ್ಬ ಹೆಣ್ಣುಮಗಳು ವರದಕ್ಷಿಣೆ ಕಿರುಕುಳದ ದೂರು ಕೊಟ್ಟಳು ಎಂದುಕೊಳ್ಳಿ. ವಿಚಾರಣೆಗೆ ಕೂತ ಅಧಿಕಾರಿ ಅವಳ ಗಂಡನ ಸೋದರಮಾವ. ಆಕೆ ಆಕ್ಷೇಪಣೆ ಎತ್ತಿದರೆ ಎಲ್ಲರೂ ಕೇಳುವುದು ಒಂದೇ: ‘ಅವರು ಪಕ್ಷಪಾತ ಮಾಡ್ತಾರೆ ಅನ್ನೋಕೆ ನಿನ್ನ ಹತ್ರ ಏನು ಪುರಾವೆ?’

ಈ ಪ್ರಶ್ನೆಯೇ ತಪ್ಪು. ಇನ್ನೊಬ್ಬರ ಮನಸ್ಸಿನೊಳಗೆ ಹೊಕ್ಕು ಪುರಾವೆ ತರಲು ಯಾರಿಂದಾದೀತು? ಕಾನೂನು ಅದನ್ನು ಕೇಳುವುದೂ ಇಲ್ಲ. ಸಂಗತಿಗಳನ್ನೆಲ್ಲ ತಿಳಿದ, ಸಾಮಾನ್ಯ ತಿಳಿವಳಿಕೆಯ ವ್ಯಕ್ತಿಗೆ ‘ಇವರಿಂದ ನನಗೆ ನ್ಯಾಯ ಸಿಗಲಾರದು’ ಎಂಬ ಆತಂಕ ಸಕಾರಣವಾಗಿ ಹುಟ್ಟುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಪ್ರಕರಣವನ್ನೇ ನೋಡಿ. ಅವರ ಮೇಲಿನ ಆರೋಪಗಳ ತನಿಖೆಗೆ ರಾಜ್ಯಸಭೆಯ ಸಭಾಪತಿ 2010ರಲ್ಲಿ ಮೂವರ ಸಮಿತಿ ನೇಮಿಸಿದರು. ಅದರಲ್ಲಿ ಹಿರಿಯ ವಕೀಲ ಪಿ.ಪಿ. ರಾವ್ ಕೂಡ ಇದ್ದರು. ಇದೇ ರಾವ್ ಅವರು 2009ರ ನವೆಂಬರಿನಲ್ಲಿ, ದಿನಕರನ್ ಅವರನ್ನು ಸುಪ್ರೀಂ ಕೋರ್ಟಿಗೆ ಏರಿಸುವುದನ್ನು ವಿರೋಧಿಸಿದ ವಕೀಲರ ಸಭೆಯಲ್ಲಿ ಭಾಗವಹಿಸಿದ್ದರು. ಮೊದಲೇ ವಿರುದ್ಧ ನಿಂತವರು ಈಗ ತನಿಖೆ ಮಾಡಬಹುದೇ?

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು. ರಾವ್ ಅವರ ಪ್ರಾಮಾಣಿಕತೆಯನ್ನು ಅದು ತೂಗಲು ಹೋಗಲಿಲ್ಲ. ಅವರು ನಿಜವಾಗಿ ಪಕ್ಷಪಾತಿ ಎಂದೂ ಹೇಳಲಿಲ್ಲ. ದಿನಕರನ್ ಅವರ ಆತಂಕ ಸಕಾರಣವಾದದ್ದು ಎಂದಷ್ಟೇ ಹೇಳಿತು.

ಆದರೂ ಅವರ ಅರ್ಜಿ ವಜಾ ಆಯಿತು! ಏಕೆಂದರೆ ರಾವ್ ಅವರ ನಿಲುವು ದಿನಕರನ್ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದು, 2011ರ ಮಾರ್ಚಿನಲ್ಲಿ ಆರೋಪಪಟ್ಟಿ ತಯಾರಾದ ಮೇಲೆ ಬಾಯಿ ತೆರೆದರು. ಹೀಗೆ ಸುಮ್ಮನಿದ್ದರೆ ಆಕ್ಷೇಪಣೆಯ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ. ಆದರೂ ರಾವ್ ಅವರ ಜಾಗಕ್ಕೆ ಬೇರೆಯವರನ್ನು ನೇಮಿಸಿರೆಂದು ಕೋರ್ಟು ಸಭಾಪತಿಯವರನ್ನು ಕೋರಿತು.

ಅಷ್ಟು ದೊಡ್ಡ ನ್ಯಾಯಮೂರ್ತಿಗೇ ಹೀಗಾದರೆ, ‘ತೀರ್ಪು ಏನು ಬರ್ತದೋ ನೋಡೋಣ’ ಎಂದು ಕಾಯುವ ನಮಗೆ ಏನಾದೀತು? ಸಂಬಂಧ ಗೊತ್ತಾದ ದಿನವೇ ಬರೆದು ಕೊಡಬೇಕು. ‘ಇವರು ಪ್ರತಿವಾದಿಯ ಸೋದರಮಾವ, ಆದ್ದರಿಂದ ವಿಚಾರಣೆಯನ್ನು ಬೇರೆಯವರಿಗೆ ವಹಿಸಿರಿ’ ಎಂದು ಮೇಲಧಿಕಾರಿಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ತಾರೀಖು, ಮುದ್ರೆ ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಇದಕ್ಕೊಂದು ಮಿತಿಯೂ ಇದೆ. ಬರೀ ಗುಮಾನಿ ಸಾಲದು. ಅಧಿಕಾರಿ ಅದೇ ಊರಿನವರು, ಅದೇ ಜಾತಿಯವರು ಎಂದಷ್ಟೇ ಹೇಳಿದರೆ ಆಕ್ಷೇಪಣೆ ನಿಲ್ಲುವುದು ಕಷ್ಟ. ಹತ್ತಿರದ ನೆಂಟಸ್ತಿಕೆ, ಹಣದ ಲಾಭ, ಹಳೆಯ ವೈರ, ‘ಆಕೆಯದೇ ತಪ್ಪು’ ಎಂದು ವಿಚಾರಣೆಗೆ ಮೊದಲೇ ನಾಲ್ಕು ಜನರೆದುರು ಆಡಿದ ಮಾತು, ಇಂಥ ಗಟ್ಟಿ ಸಂಗತಿ ಬೇಕು. ಅಂಥ ಮಾತು ಆಡಿದ್ದರೆ ಕೇಳಿಸಿಕೊಂಡವರ ಹೆಸರನ್ನೂ ಅರ್ಜಿಯಲ್ಲಿ ಬರೆಯಿರಿ.

ಈ ನಿಯಮ ನಮಗೂ ಅನ್ವಯಿಸುತ್ತದೆ ಎಂಬುದು ಕೆಲವರಿಗೆ ರುಚಿಸಲಿಕ್ಕಿಲ್ಲ. ಸಂಘದಲ್ಲಿ ತಂಗಿಯ ಸಾಲದ ಅರ್ಜಿ ಬಂದಾಗ ಅಕ್ಕ ಅಧ್ಯಕ್ಷೆಯಾಗಿದ್ದರೆ, ಆ ಹೊತ್ತು ಅವಳು ಎದ್ದು ಹೊರಗೆ ಕೂರಲಿ, ಹಾಗೆ ಕೂತದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.