ಚಿರಾಗ್ ದಿಲ್ಲಿಯ ಸಿಗ್ನಲ್ಲೂ ಸಪ್ತಾಪುರದ ಉತ್ತರಪತ್ರಿಕೆಯೂ

ಕಳೆದ ತಿಂಗಳು ನಲವತ್ತೊಂದು ಉತ್ತರಪತ್ರಿಕೆ ತಿದ್ದಿದೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಮುಖ್ಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನೇ ಕೊಟ್ಟ ಅಣಕು ಪರೀಕ್ಷೆ ಅದು. ಪ್ರಶ್ನೆ ಇಷ್ಟೇ: ವಿಫಲವಾದ ಒಂದು ಸಾರ್ವಜನಿಕ ಯೋಜನೆಯನ್ನು ಆರಿಸಿಕೊಂಡು ವೈಫಲ್ಯದ ಕಾರಣಗಳನ್ನೂ ಕಲಿಯಬೇಕಾದ ಪಾಠಗಳನ್ನೂ ವಿವರಿಸಿ. ಬಹುಪಾಲು ಮಂದಿ ದಿಲ್ಲಿಯ ಬಿಆರ್‌ಟಿಯನ್ನು, ಅಂದರೆ ಬಸ್ಸಿಗೆಂದೇ ನಡುರಸ್ತೆಯಲ್ಲಿ ಪಥ ಬಿಟ್ಟಿದ್ದ ಆ ಯೋಜನೆಯನ್ನು, ಆರಿಸಿಕೊಂಡಿದ್ದರು. ಕಾರಣಗಳು: ರಾಜಕೀಯ ಇಚ್ಛಾಶಕ್ತಿಯ ಕೊರತೆ, ಇಲಾಖೆಗಳ ನಡುವೆ ಸಮನ್ವಯದ ಕೊರತೆ, ಜನಜಾಗೃತಿಯ ಕೊರತೆ. ಪಾಠಗಳು: ಆ ಮೂರೂ ಕೊರತೆ ನೀಗಬೇಕು. ಶೀರ್ಷಿಕೆಗಳಿಗೆ ಅಡಿಗೆರೆ ಎಳೆದಿದ್ದರು, ಒಬ್ಬಳು ಚೌಕಟ್ಟು ಹಾಕಿ ಬಾಣವನ್ನೂ ಬರೆದಿದ್ದಳು. ‘ದಿಲ್ಲಿ ಬಿಆರ್‌ಟಿ’ ಅನ್ನುವುದನ್ನು ಅಳಿಸಿ ‘ಕೆರೆ ಹೂಳೆತ್ತುವ ಯೋಜನೆ’ ಅಂತ ಬರೆದರೂ ಉಳಿದ ಉತ್ತರದಲ್ಲಿ ಒಂದು ಅಕ್ಷರ ತಿದ್ದಬೇಕಾಗಿರಲಿಲ್ಲ.

ಹತ್ತಕ್ಕೆ ಮೂರು ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಸರ್, ನೋಟ್ಸಿನ್ಯಾಗ ಹಿಂಗ ಐತ್ರಿ.” ಐತಿ, ನನಗೂ ಗೊತ್ತು. ತಪ್ಪು ಅವನೊಬ್ಬನದಲ್ಲ. ಹುಬ್ಬಳ್ಳಿ–ಧಾರವಾಡದ ಚಿಗರಿ ಪಥವನ್ನು ಕಿತ್ತು ಹಾಕಬೇಕು, ಇಲ್ಲವೇ ಎಲ್ಲ ವಾಹನಗಳಿಗೂ ತೆರೆದುಬಿಡಬೇಕು ಅಂತ ವಾದಿಸುವ ದೊಡ್ಡವರೂ ಇದೇ ನೋಟ್ಸು ಓದಿದವರೇ. “ದಿಲ್ಲಿಯೊಳಗ ಕಿತ್ತು ಒಗದ್ರಲ್ಲ” ಅನ್ನುವುದು ಅವರ ಬತ್ತಳಿಕೆಯ ಮುಖ್ಯ ಬಾಣ. ದಿಲ್ಲಿಯಲ್ಲಿ ಕೆಟ್ಟದ್ದು ಏನು ಅಂತ ಕೇಳಿದರೆ ಮಾತ್ರ ಮತ್ತೆ ಇಚ್ಛಾಶಕ್ತಿಗೇ ಬಂದು ನಿಲ್ಲುತ್ತಾರೆ. ಹಾಗಾಗಿ ಆ ಉತ್ತರವನ್ನು ನಾನಾದರೆ ಹೇಗೆ ಬರೆಯುತ್ತಿದ್ದೆ ಅಂತ ಇಲ್ಲಿ ಬರೆದು ತೋರಿಸುತ್ತೇನೆ.

ಮೊದಲು ಘಟನೆಗಳ ಸರಪಳಿ, ಐದೇ ವಾಕ್ಯದಲ್ಲಿ. ಅಂಬೇಡ್ಕರ್ ನಗರದಿಂದ ದಿಲ್ಲಿ ಗೇಟ್‌ವರೆಗೆ ಸುಮಾರು 14.5 ಕಿ.ಮೀ. ಎಂದು ಯೋಜಿಸಿದ ಮಾರ್ಗದಲ್ಲಿ, ಮೂಲ್‌ಚಂದ್‌ವರೆಗಿನ 5.8 ಕಿ.ಮೀ.ನಲ್ಲಿ ಮಾತ್ರ ಪ್ರತ್ಯೇಕ ಬಸ್ ಪಥ ಬಂತು. 2008ರಲ್ಲಿ ಓಡಾಟ ಶುರುವಾಯಿತು. ವಿನ್ಯಾಸದ ಹಿಂದೆ ಐಐಟಿ ದಿಲ್ಲಿಯ ಸಾರಿಗೆ ತಜ್ಞರಿದ್ದರು. 2012ರಲ್ಲಿ ವಿಷಯ ದಿಲ್ಲಿ ಹೈಕೋರ್ಟಿಗೆ ಹೋಯಿತು, ಕೋರ್ಟು ಯೋಜನೆಯ ಪರವಾಗಿ ನಿಂತಿತು. 2015ರಲ್ಲಿ ಹೊಸ ಸರ್ಕಾರ ಕೀಳಲು ತೀರ್ಮಾನಿಸಿತು, 2016ರಲ್ಲಿ ಕಿತ್ತರು.

ಇಲ್ಲಿ ಒಂದು ತೊಡಕಿದೆ, ಹೆಚ್ಚಿನ ಉತ್ತರಗಳು ಅದನ್ನು ಹಾರಿ ಮುಂದೆ ಹೋಗುತ್ತವೆ. ಹೈಕೋರ್ಟು ಸರಿ ಅಂದ ಯೋಜನೆಯನ್ನು ನಾವು ವಿಫಲ ಅನ್ನುತ್ತಿರುವುದು ಯಾವ ಅಳತೆಗೋಲಿನಿಂದ? ಕೋರ್ಟಿನ ಮುಂದೆ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ಅಧ್ಯಯನವಿತ್ತು. ಬಸ್ ಪಥವಿಲ್ಲದಿದ್ದರೇ ವಾಹನಗಳ ಓಟ ಚೆನ್ನಾಗಿರುತ್ತದೆ ಅನ್ನುವುದು ಅದರ ಒಲವು. ವಾಹನಗಳನ್ನು ಎಣಿಸಿದರೆ ಅದು ನಿಜವೇ ಇರಬಹುದು. ಆ ರಸ್ತೆಯಲ್ಲಿ ಬಸ್ಸುಗಳ ಸಂಖ್ಯೆ ಕಾರು, ಬೈಕುಗಳ ಮುಂದೆ ಏನೇನೂ ಅಲ್ಲ. ಜನರನ್ನು ಎಣಿಸಿದರೆ ಲೆಕ್ಕ ತಿರುಗುತ್ತದೆ, ಏಕೆಂದರೆ ಒಂದು ಬಸ್ಸಿನಲ್ಲಿ ಐವತ್ತು ಅರವತ್ತು ಜನ, ಒಂದು ಕಾರಿನಲ್ಲಿ ಹೆಚ್ಚೆಂದರೆ ಇಬ್ಬರು. ಕೋರ್ಟು ಎತ್ತಿ ಹಿಡಿದದ್ದು ಜನರ ಲೆಕ್ಕವನ್ನು. ಅಭ್ಯರ್ಥಿ ಯಾವ ಅಳತೆ ಹಿಡಿದಿದ್ದಾನೆ ಅಂತ ಮೊದಲ ಪ್ಯಾರಾದಲ್ಲೇ ಬರೆಯದಿದ್ದರೆ, ಆಮೇಲೆ ಬರೆಯುವ ಕಾರಣಗಳೆಲ್ಲ ಗಾಳಿಗೋಪುರ.

ನಾನು ಬಸ್ಸಿನಲ್ಲಿ ಕೂತವನ ಅಳತೆಯನ್ನೇ ಹಿಡಿಯುತ್ತೇನೆ. ಯೋಜನೆ ಯಾರಿಗಾಗಿ ಇತ್ತೋ ಅವರಿಗೆ ಕೆಲಸ ಮಾಡಿತೇ? ಪೂರ್ತಿ ಮಾಡಲಿಲ್ಲ. ಇದು ಪಥದ ಪರ ವಾದಿಸುವ ನನ್ನ ಗೆಳೆಯರಿಗೆ ರುಚಿಸದ ಮಾತು. ಯಾಕೆ ಮಾಡಲಿಲ್ಲ ಅನ್ನುವುದಕ್ಕೆ ಚಿರಾಗ್ ದಿಲ್ಲಿ ಚೌಕದಲ್ಲಿ ನಿಲ್ಲಬೇಕು.

ನಮ್ಮಲ್ಲಿ ವಾಹನ ಎಡಕ್ಕೆ ಓಡುತ್ತವೆ. ಬಸ್ ಪಥ ನಡುವಿನಲ್ಲಿದ್ದರೆ ಕಾರುಗಳು ಅದರ ಎಡಗಡೆ ಇರುತ್ತವೆ. ಚೌಕದಲ್ಲಿ ಒಂದು ಕಾರು ಬಲಕ್ಕೆ ತಿರುಗಬೇಕೆಂದರೆ ನೇರ ಹೋಗುವ ಬಸ್ಸಿನ ಮೂಗಿನ ಮುಂದೆಯೇ ಅಡ್ಡ ಹಾಯಬೇಕು. ಎರಡಕ್ಕೂ ಒಟ್ಟಿಗೆ ಹಸಿರು ಕೊಟ್ಟರೆ ಡಿಕ್ಕಿ. ಹಾಗಾಗಿ ಸಾಮಾನ್ಯ ಚೌಕಕ್ಕೆ ಸಾಕಾಗುವ ನಾಲ್ಕು ಹಂತದ ಸಿಗ್ನಲ್ ಇಲ್ಲಿ ಸಾಲದು, ಐದೋ ಆರೋ ಹಂತ ಬೇಕು. ಹಂತ ಹೆಚ್ಚಿದಷ್ಟೂ ನಿಮ್ಮ ಸರದಿ ಮತ್ತೆ ಬರುವುದು ತಡ.

ಇದರ ಮೇಲೆ ಇನ್ನೊಂದು ತೀರ್ಮಾನ ಬಂದು ಕೂತಿತು. ಬಸ್ ನಿಲ್ದಾಣಗಳನ್ನು ಸಿಗ್ನಲ್ಲಿಗೆ ತುಸು ಮುಂಚೆ, ಚೌಕಕ್ಕೆ ಅಂಟಿದಂತೆ ಕಟ್ಟಿದ್ದರು. ಮೂರ್ಖತನವಲ್ಲ ಅದು. ಕೆಂಪು ಬಿದ್ದಾಗ ಹೇಗೂ ಬಸ್ ನಿಲ್ಲಬೇಕು, ಆ ಹೊತ್ತಿನಲ್ಲೇ ಜನ ಹತ್ತಿ ಇಳಿಯಲಿ, ಸಿಗ್ನಲ್ಲಿನಲ್ಲೇ ರಸ್ತೆ ದಾಟಲಿ, ಅಡ್ಡರಸ್ತೆಯ ಬಸ್ಸು ಹಿಡಿಯಲಿ ಅನ್ನುವ ಯೋಚನೆ. ಬಸ್ ವಿರಳವಾಗಿದ್ದರೆ ನಡೆಯುತ್ತಿತ್ತು. ದಟ್ಟವಾದಾಗ ಏನಾಗುತ್ತದೆ ಅಂತ ತರಗತಿಯಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ಇವು ದಿಲ್ಲಿಯಲ್ಲಿ ಅಳೆದ ಅಂಕಿಗಳಲ್ಲ, ತರ್ಕ ಕಾಣಲೆಂದು ನಾನು ಇಟ್ಟುಕೊಂಡವು. ಆರು ಹಂತ, ಒಂದೊಂದಕ್ಕೆ 40 ಸೆಕೆಂಡು. ಒಂದು ಸುತ್ತಿಗೆ 4 ನಿಮಿಷ. ಅರ್ಧ ನಿಮಿಷಕ್ಕೊಂದು ಬಸ್ ಬಂದರೆ ಸುತ್ತಿಗೆ 8 ಬಸ್. ನಿಲ್ದಾಣದಲ್ಲಿ ಒಮ್ಮೆಗೆ 3 ಬಸ್ಸಿಗೆ ಜಾಗ. ಆ ಮೂರು ಜನರನ್ನು ತುಂಬಿಕೊಂಡು ಕೆಂಪಿಗೆ ಕಾಯುತ್ತ ನಿಂತಿರುತ್ತವೆ. ಹಿಂದಿನ ಐದಕ್ಕೆ ನಿಲ್ದಾಣ ಕಣ್ಣಿಗೆ ಕಾಣುತ್ತದೆ, ಮುಟ್ಟಲು ಆಗುವುದಿಲ್ಲ. ಹಸಿರು ಬಿತ್ತು, ಮುಂದಿನ ಮೂರು ಹೋದವು. ನಾಲ್ಕನೆಯದು ನಿಲ್ದಾಣಕ್ಕೆ ಬಂದು ಬಾಗಿಲು ತೆಗೆಯುತ್ತದೆ, ಜನ ಹತ್ತುತ್ತಾರೆ, ಅಷ್ಟರಲ್ಲಿ ಹಸಿರಿನ ಅರ್ಧ ಮುಗಿದಿರುತ್ತದೆ. ಸುತ್ತಿಗೆ ಐದು ಬಸ್ ದಾಟಿದರೆ ಪುಣ್ಯ. ಬಂದದ್ದು ಎಂಟು, ಹೋದದ್ದು ಐದು. ಗಂಟೆಯಲ್ಲಿ 15 ಸುತ್ತು, ಸುತ್ತಿಗೆ ಮೂರರಂತೆ ಉಳಿದರೆ ಸಾಲಿನಲ್ಲಿ 45 ಬಸ್.

ಈ ಒಂದೇ ಲೆಕ್ಕ ಎರಡು ಸಿಟ್ಟಿಗೂ ಕಾರಣ ಹೇಳುತ್ತದೆ, ಅದೇ ಇದರ ಸೊಗಸು. ಬಸ್ಸಿನವನು ಚೌಕದ ಹತ್ತಿರ ಸಾಲಿನಲ್ಲಿ ಸಿಕ್ಕಿಬಿದ್ದು ಶಪಿಸುತ್ತಾನೆ. ಸಿಗ್ನಲ್ ದಾಟಿದ ಬಸ್ಸುಗಳ ಗುಂಪು ಹೋದಮೇಲೆ ಮುಂದಿನ ಪಥ ಮೂರು ನಿಮಿಷ ಬೀದಿನಾಯಿ ಮಲಗುವಷ್ಟು ಖಾಲಿ. ಪಕ್ಕದಲ್ಲಿ ತುರುಕಿಕೊಂಡು ನಿಂತ ಕಾರಿನವನು ಅದನ್ನು ನೋಡಿ ಶಪಿಸುತ್ತಾನೆ. ಟಿವಿಯಲ್ಲಿ ಬಂದದ್ದು ಎರಡನೆಯವನ ದನಿ ಮಾತ್ರ.

ಇನ್ನೊಂದು ಕಾರಣಕ್ಕೆ ಲೆಕ್ಕವೂ ಬೇಡ. ಇಪ್ಪತ್ತು ಕಿ.ಮೀ. ಪ್ರಯಾಣ ಮಾಡುವವನಿಗೆ 5.8 ಕಿ.ಮೀ. ಪಥದಿಂದ ಸಿಗುವ ಲಾಭ ಮೂಲ್‌ಚಂದ್ ದಾಟಿದ ಕೂಡಲೇ ಗದ್ದಲದಲ್ಲಿ ಕರಗಿಹೋಗುತ್ತದೆ. ಪಥ ಮಾಡಿದ್ದರಿಂದ ಚೌಕದಲ್ಲಿ ಆಗುವ ನಷ್ಟ ಮಾತ್ರ ಇಡಿಯಾಗಿ ಉಳಿಯುತ್ತದೆ. ಅರ್ಧ ಕಟ್ಟಿದ ಸೇತುವೆಯ ಮೇಲೆ ಎಷ್ಟು ಜನ ನದಿ ದಾಟಿದರು ಅಂತ ಎಣಿಸಿ ತೀರ್ಪು ಕೊಟ್ಟಂತಾಯಿತು.

ಈಗ ನೋಟ್ಸಿನ ಕಾರಣಗಳಿಗೆ ಬರೋಣ. ಯಾವ ಕಾರಣವನ್ನೇ ಬರೆಯಿರಿ, ಅದನ್ನು ಗೆದ್ದ ಇನ್ನೊಂದು ಊರಿಗೆ ಒಯ್ದು ನೋಡಿ ಅಂತ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅಹಮದಾಬಾದಿನ ಜನಮಾರ್ಗ 2009ರಲ್ಲಿ ಶುರುವಾಯಿತು, ದಿಲ್ಲಿಗಿಂತ ಒಂದೇ ವರ್ಷ ತಡ. ‘ನಮ್ಮ ಜನಕ್ಕೆ ಶಿಸ್ತಿಲ್ಲ’ ಅನ್ನುವುದು ದಿಲ್ಲಿ ಸೋಲಿನ ಕಾರಣವಾಗಿದ್ದರೆ ಅಹಮದಾಬಾದಿನ ಬೈಕ್ ಸವಾರರು ಸಾಧುಸಂತರಾಗಿರಬೇಕಿತ್ತು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ದಿಲ್ಲಿಯ ಪಥ ತೆರೆದದ್ದು: ಊರಿನ ಯಾವ ಬಸ್ಸಾದರೂ ನುಗ್ಗಬಹುದಿತ್ತು, ಒಂದು ಹಳೆಯ ಬಸ್ ಕೆಟ್ಟು ನಿಂತರೆ ಹಿಂದಿನವೆಲ್ಲ ನಿಂತವು. ಅಹಮದಾಬಾದಿನದು ಮುಚ್ಚಿದ ವ್ಯವಸ್ಥೆ: ಅದಕ್ಕೆಂದೇ ಮಾಡಿದ ಬಸ್ಸುಗಳು, ಬಸ್ಸಿನ ನೆಲಕ್ಕೆ ಸಮನಾದ ನಿಲ್ದಾಣ, ಹತ್ತುವ ಮೊದಲೇ ಟಿಕೆಟ್. ನಿಲ್ದಾಣದಲ್ಲಿ ಬಸ್ ನಿಲ್ಲುವ ಹೊತ್ತು ಕಡಿಮೆಯಾಯಿತು. ಮೇಲಿನ ಲೆಕ್ಕದಲ್ಲಿ ಆ ಹೊತ್ತನ್ನು ಅರ್ಧ ಮಾಡಿ ನೋಡಿ, ಸಾಲು ಬೆಳೆಯುವುದು ಎಷ್ಟು ತಗ್ಗುತ್ತದೆ ಅಂತ ಗೊತ್ತಾಗುತ್ತದೆ.

ಹಾಗಾದರೆ ಪಾಠ? ‘ಸಮನ್ವಯ ಸಾಧಿಸಬೇಕು’ ಪಾಠವಲ್ಲ, ಅದು ಹರಕೆ. ಪಾಠ ಅಂದರೆ ಮುಂದಿನ ಎಂಜಿನಿಯರ್ ಸೋಮವಾರ ಬೆಳಗ್ಗೆ ಬೇರೆ ರೀತಿ ಮಾಡಬಹುದಾದ ಒಂದು ಕೆಲಸ. ನಿಲ್ದಾಣವನ್ನು ಚೌಕದಿಂದ ದೂರ ಸರಿಸು ಅನ್ನುವುದು ಪಾಠ. ದೊಡ್ಡ ಚೌಕಗಳಲ್ಲಿ ಕಾರುಗಳ ಬಲತಿರುವು ನಿಲ್ಲಿಸಿ, ಮುಂದೆ ಹೋಗಿ ಯು-ತಿರುವು ಮಾಡಿ ಬರಲಿ ಅನ್ನುವುದು ಪಾಠ. ಒಂದು ಹಂತವಾದರೂ ಉಳಿಯುತ್ತದೆ. ಇವೆರಡೂ ಪಥವನ್ನು ಕೀಳದೆಯೇ ಮಾಡಬಹುದಾಗಿದ್ದ ಕೆಲಸಗಳು ಅನ್ನುವುದನ್ನು ಉತ್ತರದಲ್ಲಿ ಬರೆದವನಿಗೆ ನಾನು ಎಂಟು ಅಂಕ ಕೊಡುತ್ತೇನೆ.

ಇಷ್ಟು ಬರೆದಮೇಲೆ ನಮ್ಮೂರಿಗೆ ಬಂದರೆ ‘ದಿಲ್ಲಿಯಂತೆ ಕೀಳಿ’ ಅನ್ನುವ ವಾದ ಎಷ್ಟು ಜಳ್ಳು ಅಂತ ಕಾಣುತ್ತದೆ. ಸುಮಾರು 22 ಕಿ.ಮೀ. ಉದ್ದದ ನಮ್ಮ ಪಥದಲ್ಲಿ 2018ರಿಂದ ಓಡುತ್ತಿರುವ ಚಿಗರಿ, ದಿಲ್ಲಿಯ ದಾಯಾದಿಯಲ್ಲ, ಅಹಮದಾಬಾದಿನ ತಮ್ಮ. ಪಥದ ಬಸ್ಸೇ ಬೇರೆ, ನಡುರಸ್ತೆಯ ಎತ್ತರದ ನಿಲ್ದಾಣಕ್ಕೆ ಹೊಂದುವ ಬಾಗಿಲೇ ಬೇರೆ. ದಿಲ್ಲಿಯ ರೋಗ ಇಲ್ಲಿಲ್ಲ. ಇಲ್ಲಿಯ ರೋಗಗಳು ಬೇರೆ ಇವೆ. ಟೋಲ್ ನಾಕಾದಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ. ಧಾರವಾಡದ ಕಡೆ ಉಳಿದ ವಾಹನಗಳಿಗೆ ಉಳಿದ ರಸ್ತೆ ಇಕ್ಕಟ್ಟು. ಚಿಗರಿಯಿಂದ ಇಳಿದು ಬಡಾವಣೆಯ ಮನೆ ಸೇರುವುದು ಪ್ರಯಾಣಿಕನ ಹಣೆಬರಹ. ಇವೆಲ್ಲ ನಿಜ, ಇವುಗಳ ಮೇಲೆ ಸಿಟ್ಟಾಗಲು ನಮಗೆ ಹಕ್ಕಿದೆ. ನೀರು ನಿಲ್ಲುವುದು ಗಟಾರದ ಸಮಸ್ಯೆ. ಅದಕ್ಕೆ ಬಸ್ ಪಥವನ್ನು ಕೀಳುವುದು ಸೋರುವ ಮನೆಯ ಬಾಗಿಲು ಕಿತ್ತಂತೆ. ಪಥವನ್ನು ಎಲ್ಲರಿಗೂ ತೆರೆದರೆ ಆ ಎತ್ತರದ ನಿಲ್ದಾಣಗಳನ್ನೂ ಅವಕ್ಕೆಂದೇ ಮಾಡಿದ ಬಸ್ಸುಗಳನ್ನೂ ಏನು ಮಾಡುವುದು ಅಂತ ಕೀಳುವ ವಾದದವರು ಒಂದು ಸಾಲನ್ನಾದರೂ ಬರೆಯಲಿ.

ಬೆಂಚಿನಿಂದ ಎದ್ದಿದ್ದ ಹುಡುಗ ಮುಂದಿನ ವಾರ ಉತ್ತರ ತಿದ್ದಿ ಬರೆದು ತಂದ. ಈ ಸಲ ದಿಲ್ಲಿ ಬಿಟ್ಟು ಚಿಗರಿಯನ್ನೇ ಆರಿಸಿಕೊಂಡಿದ್ದ. ಸಂಜೆ ಒಂದು ಗಂಟೆ ಟೋಲ್ ನಾಕಾದಲ್ಲಿ ನಿಂತು ಎಣಿಸಿ ಬಂದಿದ್ದನಂತೆ. ಬೈಕು, ಕಾರು, ಆಟೋ, ಟಂಟಂ, ಚಿಗರಿ ಎಲ್ಲಕ್ಕೂ ಬೇರೆ ಬೇರೆ ಸಾಲು, ಐದೈದಕ್ಕೆ ಒಂದು ಅಡ್ಡಗೆರೆ. ಖುಷಿಯಾಯಿತು. ಬಸ್ಸಿನೊಳಗೆ ಜನ ಎಷ್ಟಿದ್ದರು ಅನ್ನುವ ಸಾಲು ಮಾತ್ರ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ತಲೆ ಕೆರೆದುಕೊಂಡು “ಗಾಜು ಕಪ್ಪಗ ಇರತಾವ್ರಿ, ಒಳಗಿನ್ದು ಕಾಣಂಗಿಲ್ಲ” ಅಂದ. ಹತ್ತಿ ಕೂತು ಎಣಿಸಿಕೊಂಡು ಬಾ ಅಂತ ಟಿಕೆಟ್ಟಿಗೆ ದುಡ್ಡು ಕೊಟ್ಟು ಕಳಿಸಿದ್ದೇನೆ. ಅಂಕ ಇನ್ನೂ ಹಾಕಿಲ್ಲ.