ಕೋಳಿಯ ಲೆಕ್ಕದಲ್ಲಿದೆ, ಮಗುವಿನ ಲೆಕ್ಕದಲ್ಲಿಲ್ಲ

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆಗೆ ಬಾಳೆಹಣ್ಣು ಪರ್ಯಾಯವಾಗಲಾರದು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಪೇಟೆಯಲ್ಲಿ ಮೊಟ್ಟೆಯ ದರ ಏರಿದಾಗಲೆಲ್ಲ ‘ಹಣ್ಣು ಕೊಟ್ಟರಾಯಿತು’ ಎಂಬ ಮಾತು ಸಭ್ಯವಾಗಿ, ಯಾರ ಮನಸ್ಸನ್ನೂ ನೋಯಿಸದಂತೆ ತೇಲಿಬರುತ್ತದೆ. ಸರ್ಕಾರ ಒಂದು ಮೊಟ್ಟೆಗೆ ಕೊಡುವುದು 6 ರೂಪಾಯಿ, ಅದರಲ್ಲೇ ಕುದಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಸೇರಿದೆ. ಹೊಸಪೇಟೆಯ ಸಗಟು ದರವೇ ಆರರ ಗಡಿ ಮುಟ್ಟಿದರೆ ಮುಖ್ಯೋಪಾಧ್ಯಾಯರು ಸ್ವಂತ ಜೇಬಿಗೆ ಕೈಹಾಕಬೇಕು, ಇಲ್ಲವೇ ಬಾಳೆಗೊನೆ ತರಿಸಬೇಕು. ಅವರನ್ನು ದೂರಿ ಫಲವಿಲ್ಲ. ದೂರಬೇಕಾದದ್ದು ಎರಡನ್ನೂ ಒಂದೇ ಸಾಲಿನಲ್ಲಿ ‘ಮೊಟ್ಟೆ/ಬಾಳೆಹಣ್ಣು’ ಎಂದು ಬರೆದ ಕಡತವನ್ನು.

ಮೊಟ್ಟೆಯ ಪರ ನಿಂತವರೂ ಸರಿಯಾದ ಅಂಕಿಯನ್ನು ಹಿಡಿದಿಲ್ಲ. ಅವರು ಎತ್ತಿ ತೋರಿಸುವುದು ತೂಕವನ್ನು. 2021–22ರಲ್ಲಿ ಯಾದಗಿರಿಯ ಮಕ್ಕಳಿಗೆ ಮೊಟ್ಟೆ ಸಿಕ್ಕಿತು, ಗದುಗಿನ ಮಕ್ಕಳಿಗೆ ಸಿಗಲಿಲ್ಲ. ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಎರಡೂ ಕಡೆ ಅಳೆದು ನೋಡಿದಾಗ ಎಂಟನೇ ತರಗತಿಯ ಹೆಣ್ಣುಮಕ್ಕಳ ತೂಕದ ಏರಿಕೆಯಲ್ಲಿ ಶೇ 71ರವರೆಗೂ ವ್ಯತ್ಯಾಸ ಕಂಡಿತು. ಒಳ್ಳೆಯ ಅಧ್ಯಯನ. ಆದರೆ ತೂಕವನ್ನು ಅನ್ನ, ಬೆಲ್ಲ, ಎಣ್ಣೆಯಿಂದಲೂ ಏರಿಸಬಹುದು. ವಿರೋಧಿಗಳು ಇದನ್ನು ಚೆನ್ನಾಗಿ ಬಲ್ಲರು. ಪ್ರೋಟೀನಿನ ಮಾತು ಬಂದರೆ ಬೇಳೆ ತೋರಿಸುತ್ತಾರೆ, ಅದೂ ತಪ್ಪಲ್ಲ. ಬೇಳೆಯಿಂದಾಗಲೀ ಹಣ್ಣಿನಿಂದಾಗಲೀ ಸುಲಭವಾಗಿ ತುಂಬಲಾಗದ ಅಂಕಿ ಒಂದಿದೆ, ಅದು ಕೋಲೀನ್ ಎಂಬ ಪೋಷಕಾಂಶದ್ದು. ಪೇಟೆಯ ಒಂದು ಸಾಧಾರಣ ಮೊಟ್ಟೆಯಲ್ಲಿ ಅದು ಸುಮಾರು 135 ಮಿಲಿಗ್ರಾಂ, ಒಂದು ಬಾಳೆಹಣ್ಣಿನಲ್ಲಿ 12ರ ಆಸುಪಾಸು.

ಬೈರಿದೇವರಕೊಪ್ಪದ ಸರ್ಕಾರಿ ಶಾಲೆಗೆ ಹೋಗುವ ಹತ್ತು ವರ್ಷದ ಒಂದು ಮಗುವಿನ ದಿನವನ್ನು ಲೆಕ್ಕ ಹಾಕೋಣ. 9ರಿಂದ 13ರ ವಯಸ್ಸಿಗೆ ಅಮೆರಿಕದ ತಜ್ಞರು 1998ರಲ್ಲಿ ಸೂಚಿಸಿದ ಪ್ರಮಾಣ ದಿನಕ್ಕೆ 375 ಮಿಲಿಗ್ರಾಂ. ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 65–70 ಬರುತ್ತದೆ. ಎರಡು ಹೊತ್ತಿನ ಬೇಳೆಸಾರಿನಿಂದ 35, ಅನ್ನದಿಂದ ಹತ್ತು. ಕ್ಷೀರಭಾಗ್ಯದ ಹಾಲು, ಮನೆಯ ಮಜ್ಜಿಗೆ ಸೇರಿ 30. ಪಲ್ಯ, ಸೊಪ್ಪು ಎಲ್ಲ ಕೂಡಿ 25, ಶೇಂಗಾ ಚಟ್ನಿಯಿಂದ ಎಂಟೋ ಹತ್ತೋ. ಕೂಡಿಸಿದರೆ 180ರ ಹತ್ತಿರ, ಅಂದರೆ ಅರ್ಧಕ್ಕೂ ತುಸು ಕಡಿಮೆ. ಇದಕ್ಕೊಂದು ಬಾಳೆಹಣ್ಣು ಸೇರಿಸಿದರೆ 190ರ ಆಚೀಚೆ, ಮೊಟ್ಟೆ ಸೇರಿಸಿದರೆ 315. ಇದು ಉಪವಾಸ ಬಿದ್ದ ಮನೆಯ ಲೆಕ್ಕವಲ್ಲ, ಹೊಟ್ಟೆ ತುಂಬ ಉಣ್ಣುವ ಮನೆಯದು. ಮೊಟ್ಟೆಯ ಬದಲು ಕೊಡುತ್ತಿದ್ದ ಚಿಕ್ಕಿಯನ್ನು 2025ರ ಆರಂಭದಲ್ಲಿ ಸರ್ಕಾರ ಕೈಬಿಟ್ಟಾಗ ಕೆಲವರು ಮರುಗಿದರು. ಈ ಲೆಕ್ಕದಲ್ಲಿ ನಷ್ಟವೇನೂ ಆಗಿಲ್ಲ, ನೂರು ಗ್ರಾಂ ಶೇಂಗಾದಲ್ಲಿರುವುದೇ 50 ಮಿಲಿಗ್ರಾಂ ಚಿಲ್ಲರೆ, ಒಂದು ಚಿಕ್ಕಿಯಲ್ಲಿ ಅದರ ಕಾಲುಭಾಗವೂ ಇರಲಿಲ್ಲ.

ಆ ಜೋಳದ ಅಂಕಿ ಎಲ್ಲಿಯದು ಎಂದು ಕೇಳಿ. ಮನುಷ್ಯರ ಆಹಾರದ ಪಟ್ಟಿಗಳಲ್ಲಿ ಕೋಲೀನ್ ಕಾಲಂ ಅಪರೂಪ. ನಾನು ಹಿಡಿದದ್ದು ಕೋಳಿ ಆಹಾರದ ಪಟ್ಟಿಯ ಅಂಕಿ. ಕೋಳಿ ಸಾಕುವವರಿಗೆ ಕೋಲೀನ್ ಹೊಸ ಹೆಸರೇ ಅಲ್ಲ. ಆಹಾರದಲ್ಲಿ ಅದು ಕಡಿಮೆಯಾದರೆ ಮರಿಗಳ ಕಾಲಿನ ಕೀಲಿನಿಂದ ಸ್ನಾಯುರಜ್ಜು ಜಾರಿ ಕಾಲು ಸೊಟ್ಟಗಾಗುತ್ತದೆ, ದೊಡ್ಡ ಕೋಳಿಯ ಯಕೃತ್ತಿನಲ್ಲಿ ಕೊಬ್ಬು ಕೂಡಿಕೊಳ್ಳುತ್ತದೆ. ಹಾಗಾಗಿ ಮೆಕ್ಕೆಜೋಳ, ಸೋಯಾ ಹಿಂಡಿ ಅರೆದಾದ ಮೇಲೆ ಕೋಲೀನ್ ಕ್ಲೋರೈಡ್ ಪುಡಿಯನ್ನು ತೂಗಿ ಬೆರೆಸುತ್ತಾರೆ. ಅದರ ಜತೆಗೇ ಹೋಗುವ ಖನಿಜ ಮಿಶ್ರಣದಲ್ಲಿ ಟನ್ನಿಗೆ ಗ್ರಾಂ ಲೆಕ್ಕದಲ್ಲಿ ಸೆಲೆನಿಯಂ ಕೂಡ ಇರುತ್ತದೆ. ಕೋಳಿಯ ಊಟದ ಪಟ್ಟಿ ಬರೆದವನು ಈ ಎರಡನ್ನೂ ಮರೆತರೆ ಫಾರಂ ಮಾಲೀಕ ಅವನನ್ನು ಬಿಡುವುದಿಲ್ಲ. ಮಗುವಿನ ಊಟದ ಪಟ್ಟಿ ಬರೆದವರನ್ನು ಯಾರೂ ಕೇಳುವುದಿಲ್ಲ.

ಉತ್ಪ್ರೇಕ್ಷೆ ಅನ್ನಿಸಿದರೆ ಬಿಸಿಯೂಟದ ಮಾನದಂಡ ತೆಗೆದು ನೋಡಿ. ಪ್ರಾಥಮಿಕ ಹಂತಕ್ಕೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ ಮತ್ತು 20 ಗ್ರಾಂ. ಇಲ್ಲೇ ಧಾರವಾಡದ ದಾರಿಯಲ್ಲಿರುವ ರಾಯಾಪುರದ ಅಕ್ಷಯಪಾತ್ರ ಅಡುಗೆಮನೆಯಿಂದ ಅವಳಿ ನಗರದ ಶಾಲೆಗಳಿಗೆ ಊಟ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇಲ್ಲದ ಆ ಸಂಸ್ಥೆಯ ಊಟದ ಬಗ್ಗೆ ತಕರಾರು ಎದ್ದಾಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2019ರಲ್ಲಿ, ಊಟ ಮಾನದಂಡಕ್ಕೆ ತಕ್ಕಂತಿದೆ ಎಂದಿತು. ಅದು ಸುಳ್ಳಲ್ಲ. ಮಾನದಂಡದಲ್ಲಿ ಇಲ್ಲದ ವಿಷಯದಲ್ಲಿ ಯಾವ ಊಟವೂ ನಪಾಸಾಗುವುದಿಲ್ಲ. ಮಕ್ಕಳ ರಕ್ತ ಪರೀಕ್ಷಿಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ (2016–18) ಕಬ್ಬಿಣ, ಸತು, ಅಯೋಡಿನ್, ಬಿ12, ಎ ಮತ್ತು ಡಿ ಜೀವಸತ್ವಗಳನ್ನು ನೋಡಿತು, ಸೆಲೆನಿಯಂ ಮತ್ತು ಕೋಲೀನ್ ಕಡೆ ತಿರುಗಲಿಲ್ಲ.

2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಸಿದ್ಧಪಡಿಸಿದ ಪತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊಲೆಸ್ಟ್ರಾಲ್ ಕಾರಣ ಕೊಟ್ಟು ಮೊಟ್ಟೆಯೇ ಬೇಡ ಎಂದಿತ್ತು. ಆ ಭಯ ತಟ್ಟೆಗೂ ಇಳಿದಿದೆ. ಬಿಳಿ ತಿಂದು ಹಳದಿ ಬಿಡುವ ಮಕ್ಕಳಿದ್ದಾರೆ, ‘ಹಳದಿ ಬ್ಯಾಡ’ ಎಂದು ಹೇಳಿ ಕಳಿಸುವ ಮನೆಗಳೂ ಇವೆ. ಕೋಲೀನ್ ಬಹುಪಾಲು ಇರುವುದು ಆ ಹಳದಿಯಲ್ಲಿ, ಬಿಳಿಯಲ್ಲಿ ಹೆಸರಿಗಷ್ಟೇ. ಹಳದಿ ಕಸದ ಬುಟ್ಟಿ ಸೇರಿದ ದಿನ ಮೊಟ್ಟೆ ಕೊಟ್ಟೆವೆಂದು ದಾಖಲೆ ಪುಸ್ತಕದಲ್ಲಿ ಬರೆಯಬಹುದು, ಕೋಲೀನ್ ಲೆಕ್ಕದಲ್ಲಿ ಬರೆಯುವಂತಿಲ್ಲ.

ಹಾಗೆಂದು 375ಕ್ಕಿಂತ ಕಡಿಮೆ ಉಂಡ ಮಗುವಿಗೆಲ್ಲ ರೋಗ ಎಂದು ನಾನು ಹೇಳುತ್ತಿಲ್ಲ. ಆ ಅಂಕಿಯ ಬುಡವೇ ತುಸು ಸಡಿಲ. 1991ರಲ್ಲಿ ಸ್ಟೀವನ್ ಝೈಸಲ್ ತಂಡ ಆರೋಗ್ಯವಂತ ಗಂಡಸರಿಗೆ ಕೋಲೀನ್ ತೆಗೆದ ಆಹಾರ ಕೊಟ್ಟು, ಅವರ ಯಕೃತ್ತಿನ ಕಿಣ್ವಗಳು ಏರುವುದನ್ನು ಕಂಡಿತು. ವಯಸ್ಕರ ಪ್ರಮಾಣ ನಿಂತಿರುವುದು ಮುಖ್ಯವಾಗಿ ಅದರ ಮೇಲೆ, ಮಕ್ಕಳದ್ದು ಅದರಿಂದ ಇಳಿಸಿ ಹಾಕಿದ ಅಂದಾಜು. ನಮ್ಮ ಯಕೃತ್ತು ಒಂದಿಷ್ಟು ಕೋಲೀನನ್ನು ತಾನೇ ತಯಾರಿಸುತ್ತದೆ. ಕೊರತೆ ಇದೆಯೇ ಎಂದು ನೋಡಲು ಸರಳ ರಕ್ತಪರೀಕ್ಷೆಯೂ ಇಲ್ಲ, ರಕ್ತದ ಮಟ್ಟ ಕುಸಿಯದಂತೆ ದೇಹ ಕೊನೆಯವರೆಗೂ ಕಾಯ್ದುಕೊಳ್ಳುತ್ತದೆ. ಕೊರತೆ ಗೊತ್ತಾಗುವ ಹೊತ್ತಿಗೆ ಯಕೃತ್ತಿಗೆ ಕೊಬ್ಬು ಸೇರಿರುತ್ತದೆ, ಇಲ್ಲವೇ ಸ್ನಾಯುಗಳಿಗೆ ಪೆಟ್ಟು ಬಿದ್ದಿರುತ್ತದೆ.

ಯಾರಿಗೆ ಬೇಗ ಕೊರತೆಯಾಗುತ್ತದೆ ಎಂಬುದಕ್ಕೆ ಉತ್ತರ ಅದೇ ಝೈಸಲ್ ಬಳಗದ 2007ರ ಪ್ರಯೋಗದಲ್ಲಿದೆ. ಕೋಲೀನ್ ಬಹಳ ಕಡಿಮೆ ಇರುವ ಆಹಾರ ಕೊಟ್ಟಾಗ ಗಂಡಸರಲ್ಲಿ ಶೇ 77, ಮುಟ್ಟು ನಿಂತ ಹೆಂಗಸರಲ್ಲಿ ಶೇ 80 ಮಂದಿಗೆ ಯಕೃತ್ತು ಅಥವಾ ಸ್ನಾಯುವಿನ ತೊಂದರೆ ಕಂಡಿತು. ಮುಟ್ಟಾಗುವ ಹೆಂಗಸರಲ್ಲಿ ಅದು ಶೇ 44 ಮಾತ್ರ. ಕಾರಣ ಈಸ್ಟ್ರೊಜೆನ್, ಅದು ಯಕೃತ್ತಿನ ಸ್ವಂತ ತಯಾರಿಕೆಗೆ ಚುರುಕು ಕೊಡುತ್ತದೆ. ಹಾಗಾದರೆ ಗರ್ಭಿಣಿಯರು ನಿಶ್ಚಿಂತೆಯಿಂದ ಇರಬಹುದೇ? ಇಲ್ಲ. ಆ ಕಾಲದಲ್ಲಿ ಗರ್ಭಚೀಲದ ಮಾಸು ತಾಯಿಯ ಕೋಲೀನನ್ನು ಮಗುವಿನತ್ತ ಎಳೆದು ಕಳಿಸುತ್ತದೆ, ಹೆರಿಗೆಯ ನಂತರ ಎದೆಹಾಲಿನಲ್ಲಿ ಹೋಗುತ್ತದೆ. ಅದಕ್ಕೇ ಬಸಿರಿಗೆ 450, ಬಾಣಂತಿಗೆ 550 ಮಿಲಿಗ್ರಾಂ ಎಂದು ಬರೆದಿರುವುದು. ನಮ್ಮಲ್ಲಿ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಇವರಿಗೆ ಬಿಸಿಯೂಟದ ಜತೆ ಮೊಟ್ಟೆ ಕೊಡುತ್ತದೆ, ತಿನ್ನದವರಿಗೆ ಮೊಳಕೆ ಕಾಳು. ನೂರು ಗ್ರಾಂ ಹೆಸರು ಮೊಳಕೆಯಲ್ಲಿ ಕೋಲೀನ್ ಹದಿನೈದನ್ನೂ ಮುಟ್ಟುವುದಿಲ್ಲ. ಬಾಳೆಹಣ್ಣಿನ ಕಥೆಯೇ ಮತ್ತೊಮ್ಮೆ, ಈ ಸಲ ಬಾಣಂತಿಯ ತಟ್ಟೆಯಲ್ಲಿ.

ಸೆಲೆನಿಯಂ ಬೇರೆಯೇ ರೀತಿ ಆಟವಾಡುತ್ತದೆ. ಕಾಳಿನಲ್ಲಿ ಅದು ಎಷ್ಟಿದೆ ಎಂಬುದನ್ನು ತೀರ್ಮಾನಿಸುವುದು ಹೊಲದ ಮಣ್ಣು. ಒಂದೇ ತಳಿಯ ಗೋಧಿ ಒಂದು ಕಡೆ ಏನೂ ಇಲ್ಲದೆ, ಇನ್ನೊಂದು ಕಡೆ ವಿಷವಾಗುವಷ್ಟು ಹೊತ್ತು ಬರಬಹುದು. ಚೀನಾದ ಕೆಶಾನ್ ಪ್ರದೇಶದಲ್ಲಿ ಮಣ್ಣಿನ ಬಡತನದಿಂದ ಮಕ್ಕಳ, ತಾಯಂದಿರ ಹೃದಯ ಸೋತದ್ದುಂಟು. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರದ ಕೆಲವು ಹೊಲಗಳಲ್ಲಿ ಅದೇ ಧಾತು ಅತಿಯಾಗಿದೆ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಸುತ್ತಲಿನ ಹಳ್ಳಿಗಳಲ್ಲಿ ಜನರ ತಲೆಗೂದಲು ಕೆಲವೇ ದಿನಗಳಲ್ಲಿ ಉದುರಿದಾಗ, ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಪಡಿತರ ಗೋಧಿಯ ಸೆಲೆನಿಯಂ ಕಡೆಗೆ ಬೆರಳು ತೋರಿಸಿದರು. ಕೂದಲು ಉದುರುವುದು, ಉಗುರು ಕೆಡುವುದು, ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ: ಅತಿಯಾದರೆ ಮೊದಲು ಕಾಣುವ ಗುರುತುಗಳು ಇವು. ವಯಸ್ಕರಿಗೆ ದಿನಕ್ಕೆ 55 ಮೈಕ್ರೊಗ್ರಾಂ ಸಾಕು, 400 ದಾಟಬಾರದು. ಆದ್ದರಿಂದ ಮಾತ್ರೆಯ ಸೆಲೆನಿಯಂ, ದಿನಕ್ಕೆ ಮುಷ್ಟಿ ಬ್ರೆಜಿಲ್ ನಟ್ಸ್ ಎನ್ನುವವರ ಮಾತಿಗೆ ಕಿವಿಗೊಡುವುದು ಬೇಡ. ಆ ಕಾಯಿ ಒಂದೇ ಸಾಕು ದಿನದ ಪಾಲಿಗೆ. ಡಯಾಲಿಸಿಸ್‌ನಲ್ಲಿರುವವರ ವಿಷಯ ಬೇರೆ, ಅವರಿಗೆ ಕೊರತೆಯ ಸಾಧ್ಯತೆ ಹೆಚ್ಚು, ಅದನ್ನು ವೈದ್ಯರು ನೋಡಬೇಕು. ಮೊಟ್ಟೆ ಇಲ್ಲಿಯೂ ನೆರವಿಗೆ ಬರುತ್ತದೆ. ಅದರ ಸುಮಾರು 14 ಮೈಕ್ರೊಗ್ರಾಂ ಸೆಲೆನಿಯಂ ಬರುವುದು ಕೋಳಿಗೆ ಹಾಕಿದ ಮಿಶ್ರಣದಿಂದ, ನಮ್ಮ ಎರೆಮಣ್ಣು ಹೇಗಿದೆ ಎಂಬುದರ ಮೇಲೆ ಅದು ನಿಂತಿಲ್ಲ. ಹತ್ತು ವರ್ಷದ ಮಗುವಿಗೆ ಬೇಕಾದದ್ದು 40, ಮೂರನೇ ಒಂದು ಪಾಲು ಒಂದೇ ಮೊಟ್ಟೆಯಲ್ಲಿ ಬಂತು. ಬಾಳೆಹಣ್ಣಿನಲ್ಲಿ ಒಂದು ಮೈಕ್ರೊಗ್ರಾಂ.

ಮೊಟ್ಟೆ ತಿನ್ನದ ಮನೆಗಳು ನಮ್ಮ ಭಾಗದಲ್ಲಿ ಬಹಳ. ಅವರ ನಿಯಮ ಅವರದು, ಅದನ್ನು ಮುರಿಸುವ ಹಟ ನನಗಿಲ್ಲ. ಆದರೆ ಪರ್ಯಾಯ ಎಂದರೆ ಪರ್ಯಾಯವಾಗಿರಬೇಕು. ಬೈರಿದೇವರಕೊಪ್ಪದ ಪಕ್ಕದಲ್ಲೇ ಅಮರಗೋಳದ ಎಪಿಎಂಸಿ ಇದೆ. ಜಿಲ್ಲೆಯ ರೈತರು ಮುಂಗಾರಿನಲ್ಲಿ ಸೋಯಾ ಬೆಳೆಯುತ್ತಾರೆ, ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ತಳಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ. ಕಾಳು ಗಿರಣಿಗೆ ಹೋಗಿ ಎಣ್ಣೆ ಬಿಡುತ್ತದೆ, ಉಳಿದ ಹಿಂಡಿ ಕೋಳಿ ಫಾರಂ ಸೇರುತ್ತದೆ. ನೂರು ಗ್ರಾಂ ಸೋಯಾ ಕಾಳಿನಲ್ಲಿ ಕೋಲೀನ್ ಸುಮಾರು 115–120 ಮಿಲಿಗ್ರಾಂ. ಮೂವತ್ತು ಗ್ರಾಂ ಹುರಿದ ಸೋಯಾ ಮತ್ತು ಒಂದು ಲೋಟ ಹೆಚ್ಚುವರಿ ಹಾಲು ಕೊಟ್ಟರೆ 65ರ ಮೇಲೆ ಬರುತ್ತದೆ. ಅದು ಮೊಟ್ಟೆಯ ಅರ್ಧ, ಬಾಳೆಹಣ್ಣಿನ ಐದು ಪಟ್ಟು. ಸೋಯಾವನ್ನು ಹಸಿಯಾಗಿ ಕೊಡುವಂತಿಲ್ಲ, ಅದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಚೆನ್ನಾಗಿ ಹುರಿಯಬೇಕು ಅಥವಾ ಬೇಯಿಸಬೇಕು. ಅದರ ವಾಸನೆ ಮಕ್ಕಳಿಗೆ ಮೊದಲ ದಿನವೇ ಹಿಡಿಸುತ್ತದೆ ಎಂದೂ ಯಾರೂ ಭಾವಿಸಬೇಕಿಲ್ಲ. ಶೇಂಗಾದೊಂದಿಗೆ ಅರೆದು ಚಟ್ನಿಪುಡಿ ಮಾಡಿದರೆ ಹೋದೀತು.

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಹೆಚ್ಚು ಕೊಡಲು ಒಪ್ಪಿದ ಮೇಲೆ, 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಹಣ್ಣು ಎಂಬುದನ್ನು ಶಾಲೆಗಳು ಬರೆದಿಡಬೇಕು. ಯಾದಗಿರಿ–ಗದಗ ಅಧ್ಯಯನ ಜಿಲ್ಲೆಗೆ ಜಿಲ್ಲೆಯನ್ನು ಹೋಲಿಸಿತ್ತು. ಈಗ ಒಂದೇ ಬೆಂಚಿನಲ್ಲಿ ಕುಳಿತ ಮೊಟ್ಟೆಯ ಮಗುವನ್ನೂ ಬಾಳೆಹಣ್ಣಿನ ಮಗುವನ್ನೂ ಹೋಲಿಸಬಹುದು, ತೂಕದ ಜತೆಗೆ ಪಾಠದಲ್ಲಿ ಗಮನ ನಿಲ್ಲುವುದನ್ನೂ ಅಳೆಯಬಹುದು. ಇದಕ್ಕೆ ಬೇಕಾದದ್ದು ಇಷ್ಟೇ: ದರ ನಿಗದಿಯನ್ನು ಹೊಸಪೇಟೆಯ ಸಗಟು ದರಕ್ಕೆ ಕಟ್ಟಿ ತಿಂಗಳಿಗೊಮ್ಮೆ ಪರಿಷ್ಕರಿಸುವುದು, ದಾಖಲೆ ಪುಸ್ತಕದಲ್ಲಿ ಬೆಲೆಯ ಕಾರಣಕ್ಕೆ ಕೊಟ್ಟ ಹಣ್ಣಿಗೂ ಮಗು ಆರಿಸಿಕೊಂಡ ಹಣ್ಣಿಗೂ ಬೇರೆ ಬೇರೆ ಕಾಲಂ ಹಾಕುವುದು.