ಶೆಡ್ಡಿಗೆ ಮೊದಲು ಗುಂಡಿಯ ಲೆಕ್ಕ

ಪಾಲಹಳ್ಳಿಯ ಸುತ್ತ ಹೊಸ ಕಟ್ಟಡದ ಕೆಲಸ ಶುರುವಾದರೆ ಜಲ್ಲಿ, ಮರಳು ಬಂದು ಬೀಳುತ್ತದೆ. ತಗಡಿನ ಶೆಡ್ಡು ಏಳುತ್ತದೆ, ಬೋರ್‌ವೆಲ್‌ಗೆ ಪೈಪು ಹಾಕುತ್ತಾರೆ. ಕೆಲಸದವರು ಬಂದು ನಾಲ್ಕು ದಿನ ಕಳೆದ ಮೇಲೆ ಯಾರಿಗೋ ಪಾಯಿಖಾನೆಯ ನೆನಪಾಗುತ್ತದೆ. ಆಗ ಉಳಿದ ಮೂಲೆಯಲ್ಲಿ ಒಂದು ಗುಂಡಿ ತೋಡಿ, ಮೇಲೊಂದು ಕಲ್ಲು ಹಾಸಿ, ಸುತ್ತ ಗೋಣಿತಟ್ಟು ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಒಣನೆಲದಲ್ಲಿ ಇದು ಹೇಗೋ ನಡೆದೀತು. ನಾಲೆ ನೀರಿನ ಭತ್ತ, ಕಬ್ಬಿನ ಬಯಲಲ್ಲಿ ನಡೆಯುವುದಿಲ್ಲ.

ಕಾರಣ ಸರಳ. ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಇಲ್ಲಿ ನೆಲದಡಿಯ ನೀರು ಮೇಲಕ್ಕೇರುತ್ತದೆ. ಹೀರುಗುಂಡಿಯ ತಳಕ್ಕೂ ಆ ನೀರಿಗೂ ನಡುವೆ ಕನಿಷ್ಠ 2 ಮೀಟರ್ ಒಣಮಣ್ಣು ಇದ್ದರೆ ಮಾತ್ರ ಮಣ್ಣು ಹೊಲಸನ್ನು ಸೋಸುತ್ತದೆ. ಆ ಅಂತರವಿಲ್ಲದಿದ್ದರೆ ಗುಂಡಿಯಲ್ಲಿರುವುದು ಪಕ್ಕದ ಬಾವಿಗೆ, ತೋಡಿಗೆ ಸೇರುತ್ತದೆ. ಕೆಲಸ ಶುರುವಾಗುವ ಮುಂಚೆಯೇ ಇದನ್ನು ಪರೀಕ್ಷಿಸಬಹುದು. ನಾಲೆ ಹರಿಯುವಾಗ ಆಳೆತ್ತರದ ಗುಂಡಿ ತೆಗೆದು ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ತಳದಲ್ಲಿ ನೀರು ನಿಂತಿದ್ದರೆ ಅಲ್ಲಿ ಹೀರುಗುಂಡಿಯ ಆಸೆ ಬಿಡಬೇಕು. ನಾಲೆ ನಿಲ್ಲಿಸಿದ ಬೇಸಿಗೆಯಲ್ಲಿ ನೋಡಿ, ಒಣಗಿದೆ ಎಂದು ನಂಬುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಹಾಗಾದರೆ ಏನು ಮಾಡಬೇಕು? ಮೂವತ್ತು ಜನ ಆರು ತಿಂಗಳು ಉಳಿಯುವ ಒಂದು ಸೈಟು ಎಂದುಕೊಳ್ಳೋಣ. ಪಾಯಿಖಾನೆಗೆ ತಲೆಗೆ ದಿನಕ್ಕೆ 10 ಲೀಟರ್ ನೀರೆಂದರೆ ದಿನಕ್ಕೆ 300 ಲೀಟರ್ ಕೊಳಕು. 3,000 ಲೀಟರಿನ ಸೋರದ ಟ್ಯಾಂಕು ಹತ್ತು ದಿನಕ್ಕೆ ತುಂಬುತ್ತದೆ. ಎಂಟನೇ ದಿನಕ್ಕೇ ಸಕ್ಕಿಂಗ್ ಗಾಡಿ ಕರೆಸಿಬಿಟ್ಟರೆ ಉಕ್ಕುವ ಭಯವಿಲ್ಲ. ಸ್ನಾನ, ಪಾತ್ರೆ, ಬಟ್ಟೆಯ ನೀರನ್ನು ಈ ಟ್ಯಾಂಕಿಗೆ ಬಿಡಲೇಬಾರದು. ಬಿಟ್ಟರೆ ಅದು ಎರಡೇ ದಿನಕ್ಕೆ ತುಂಬಿ, ಮೇಸ್ತ್ರಿ ರಾತ್ರಿ ಹೊತ್ತು ಅದರ ಬಾಯಿ ತೋಡಿನ ಕಡೆ ತಿರುಗಿಸುತ್ತಾನೆ. ಆ ನೀರಿಗೆ ಬೇರೆ ಚರಂಡಿ ತೆಗೆದು ಬಾಳೆಪಾತಿಗೆ ಹರಿಸಬಹುದು.

ಟ್ಯಾಂಕನ್ನು ಪೂರ್ತಿ ಹೂಳಿದರೂ ಕಷ್ಟ. ಗಾಡಿ ಬಂದು ಖಾಲಿ ಮಾಡಿದ ಮರುಗಳಿಗೆ ಸುತ್ತಲಿನ ನೀರು ಪ್ಲಾಸ್ಟಿಕ್ ಟ್ಯಾಂಕನ್ನು ಮೇಲಕ್ಕೆ ಎತ್ತುತ್ತದೆ. ಪೈಪು ಕಿತ್ತು ಬರುತ್ತದೆ, ಮುಚ್ಚಳ ಓರೆಯಾಗುತ್ತದೆ. ಆದ್ದರಿಂದ ಟ್ಯಾಂಕನ್ನು ಆದಷ್ಟು ನೆಲದ ಮೇಲೇ ಕೂರಿಸಿ, ಪಾಯಿಖಾನೆಯನ್ನು ನಾಲ್ಕು ಮೆಟ್ಟಿಲು ಎತ್ತರಿಸಿ ಕಟ್ಟುವುದು ಮೇಲು. ಹೆಂಗಸರದು ಬೇರೆ ಕಡೆ ಇರಲಿ. ಒಳಗೆ ಚಿಲಕ, ದಾರಿಗೊಂದು ದೀಪ ಬೇಕು. ದೀಪವಿಲ್ಲದಿದ್ದರೆ ರಾತ್ರಿ ಯಾರೂ ಅಲ್ಲಿಗೆ ಹೋಗುವುದಿಲ್ಲ, ಕಬ್ಬಿನ ಗದ್ದೆಗೇ ಹೋಗುತ್ತಾರೆ.

ನೀರಿನ ಜಾಗ ಇದಾದ ಮೇಲೆ ಗೊತ್ತಾಗಬೇಕು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ, ಕುಡಿಯುವ ನೀರಿಟ್ಟ ಜಾಗ ಪಾಯಿಖಾನೆಯಿಂದ, ಬಟ್ಟೆ ಒಗೆಯುವ ಕಡೆಯಿಂದ 6 ಮೀಟರಿನೊಳಗೆ ಇರಬಾರದೆಂದಿತು. ನಾಲೆ ಬಯಲಲ್ಲಿ ಇದು ತೀರಾ ಕಡಿಮೆ. ಎಷ್ಟು ದೂರವಾದೀತೋ ಅಷ್ಟು, ಅದೂ ಇಳಿಜಾರಿನ ಮೇಲ್ಗಡೆ ಇರಬೇಕು. ತಲೆಗೆ 50 ಲೀಟರಿನಂತೆ ದಿನಕ್ಕೆ 1,500 ಲೀಟರ್ ಬೇಕಾಗುತ್ತದೆ. ಸಾವಿರ ಲೀಟರಿನ ಎರಡು ಟ್ಯಾಂಕು ಇಟ್ಟರೆ ಕರೆಂಟು ಕೈಕೊಟ್ಟ ದಿನವೂ ಸಾಲುತ್ತದೆ. ಕುಡಿಯುವ ನೀರಿಗೆ ಸಾವಿರ ಲೀಟರಿಗೆ ಸುಮಾರು 3 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯ ತಿಳಿ ಹಾಕಿ ಅರ್ಧ ಗಂಟೆ ಬಿಡಬೇಕು. ಆಮೇಲೂ ಕ್ಲೋರಿನ್ ವಾಸನೆ ಸ್ವಲ್ಪವೂ ಬಾರದಿದ್ದರೆ ಪುಡಿ ಹಳೆಯದು, ಇಲ್ಲವೇ ನೀರು ಕೊಳಕು.

ಕರೆಂಟಿಗೆ ಪಂಪ್‌ಸೆಟ್ ಲೈನಿಗೆ ಕೊಂಡಿ ಹಾಕುವುದು ಹಳ್ಳಿಗಳಲ್ಲಿ ಹಳೆಯ ಚಾಳಿ. ಸೆಸ್ಕ್‌ನಿಂದ ತಾತ್ಕಾಲಿಕ ಸಂಪರ್ಕವೇ ತೆಗೆದುಕೊಳ್ಳಬೇಕು. ಮೀಟರಿನ ನಂತರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಹಸಿನೆಲದ ಮೇಲೆ ಸುಲಿದ ವೈರು ಬಿದ್ದಾಗ ಜೀವ ಉಳಿಸುವುದು ಅದೇ.

ಸಾಮಾನಿನ ಶೆಡ್ಡು ಎತ್ತರದ ಜಾಗದಲ್ಲಿರಲಿ. ಸಿಮೆಂಟು ಹಲಗೆಯ ಮೇಲೆ, ಗೋಡೆಯಿಂದ ದೂರ, ಹತ್ತು ಮೂಟೆಗಿಂತ ಎತ್ತರವಿಲ್ಲದೆ ಇರಲಿ. ಅಲ್ಲಿ ಯಾರೂ ಮಲಗಬಾರದು. ಧೂಳು, ಡೀಸೆಲ್ ಮತ್ತು ಪೇಂಟಿನ ನಡುವೆ ಕೂಸನ್ನು ಮಲಗಿಸುವುದು ಉಳಿತಾಯವಲ್ಲ.

1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಸಾವಿರಾರು ಜನ ದುಡಿದರು. ಅವರನ್ನು ಮಲೇರಿಯಾ ಕಾಡಿತು. ನಿಂತ ನೀರಿನ ಪಕ್ಕ ಕೂಲಿಕಾರರನ್ನು ಇಳಿಸುವ ಕಷ್ಟ ಈ ಸೀಮೆಗೆ ಹೊಸದಲ್ಲ.

ಈಗ ಗ್ರಾಮ ಪಂಚಾಯಿತಿಗಳು ಒಂದು ಕೆಲಸ ಮಾಡಬಹುದು. ಕೆಲಸದವರು ಉಳಿಯುವ ಕಟ್ಟಡಗಳಿಗೆ ಪರವಾನಗಿ ಕೊಡುವಾಗ ಟ್ಯಾಂಕು, ನೀರು, ಶೆಡ್ಡು ಎಲ್ಲೆಲ್ಲಿ ಎಂಬ ಒಂದು ಹಾಳೆಯ ನಕ್ಷೆ ಕೇಳಲಿ. ಪ್ರತಿ ತಿಂಗಳೂ ಸಕ್ಕಿಂಗ್ ಗಾಡಿಯ ರಸೀದಿ ನೋಡಲಿ, ಅದು ಎಲ್ಲಿ ಸುರಿಯಿತೆಂದೂ ವಿಚಾರಿಸಲಿ. ರಸೀದಿ ಇಲ್ಲವೆಂದರೆ ಹೊಲಸು ನಾಲೆ ಸೇರಿದೆ ಎಂದೇ ಅರ್ಥ.